ಓದಲಾಗದ ಅಂಕಿಗೆ ಜೇಸನ್‌ನಲ್ಲಿ ಜಾಗ ಎಲ್ಲಿ?

ಪ್ರಶ್ನೆ: ಮೇಡಂ, ನಮ್ಮ ಹತ್ತಿರ ಸ್ಕ್ಯಾನ್ ಮಾಡಿದ 3,000 ಸರ್ಕಾರಿ ಅರ್ಜಿಗಳಿವೆ. ನಮೂನೆ ಅಚ್ಚಾಗಿದ್ದು, ಜನ ಪೆನ್ನಿನಲ್ಲಿ ತುಂಬಿದ್ದಾರೆ. ಒಂದೊಂದರಲ್ಲೂ 22 ಕಾಲಂ. ಓಸಿಆರ್ ಹಾಕಿ ಜೇಸನ್ ಮಾಡಿದೆ. ನೋಡೋಕೆ ಚೆನ್ನಾಗೇ ಬಂತು. ಆಮೇಲೆ ಕೆಲವನ್ನು ಕಾಗದದ ಜೊತೆ ತಾಳೆ ನೋಡಿದರೆ, ಸೀಲು ಬಿದ್ದು ಏನೂ ಕಾಣದ ಜಾಗದಲ್ಲೂ ಯಾವುದೋ ಅಂಕಿ ಬಂದಿದೆ. ಇನ್ನು ಕೆಲವು ಕಡೆ `null` ಇದೆ. ಅದು ಖಾಲಿ ಬಿಟ್ಟಿದ್ದೋ ಓದಲಾಗದ್ದೋ ಗೊತ್ತಾಗ್ತಿಲ್ಲ. ಕಾನ್ಫಿಡೆನ್ಸ್ 80ಕ್ಕಿಂತ ಕಡಿಮೆ ಇರುವುದನ್ನು ಮಾತ್ರ ಗುರುತು ಹಾಕಿದರೆ ಸಾಕಾಗುತ್ತಾ?

ಉತ್ತರ: ಸಾಕಾಗುವುದಿಲ್ಲ. ಯಾಕೆ ಅಂತ ಮೊದಲು ಹೇಳುತ್ತೇನೆ. ಕಾರಣ ಗೊತ್ತಾದರೆ ಪರಿಹಾರದ ಅರ್ಧ ದಾರಿ ನಿಮಗೇ ಹೊಳೆಯುತ್ತದೆ.

ಕೈಬರಹದ ಅಂಕಿ ಓದುವ ಪ್ರೋಗ್ರಾಮ್ ಹತ್ತು ಬಾಗಿಲಿನ ಮನೆ ಇದ್ದ ಹಾಗೆ. 0ಯಿಂದ 9ರವರೆಗೆ ಹತ್ತೇ ಬಾಗಿಲು. ನೀವು ಏನು ಕೊಟ್ಟರೂ ಅದನ್ನು ಹತ್ತರಲ್ಲಿ ಒಂದರೊಳಗೆ ಕಳಿಸಲೇಬೇಕು. ಸೀಲಿನ ಕಲೆ ಕೊಟ್ಟರೂ ಅಷ್ಟೇ, ಮಡಿಕೆಯ ನೆರಳು ಕೊಟ್ಟರೂ ಅಷ್ಟೇ. 'ಇದು ಅಂಕಿಯೇ ಅಲ್ಲ' ಎನ್ನುವ ಬಾಗಿಲನ್ನು ಯಾರೂ ಇಟ್ಟಿರುವುದಿಲ್ಲ. ಇನ್ನು ಅದು ಕೊಡುವ ಕಾನ್ಫಿಡೆನ್ಸ್ ಏನು? ಹತ್ತೂ ಬಾಗಿಲುಗಳಿಗೆ ಹಂಚಿದ ಪಾಲು ಸೇರಿ ಸರಿಯಾಗಿ ನೂರು ಆಗಬೇಕು ಅನ್ನುವುದು ಲೆಕ್ಕದ ನಿಯಮ. ಕಲೆಯ ಆಕಾರ ಮಿಕ್ಕ ಒಂಬತ್ತಕ್ಕಿಂತ 6ಕ್ಕೆ ಸ್ವಲ್ಪ ಹತ್ತಿರ ಇದ್ದರೆ, 6ರ ಪಾಲು ಸುಲಭವಾಗಿ 90 ದಾಟುತ್ತದೆ. ಅಂದರೆ 91 ಎಂದರೆ 'ನೂರಕ್ಕೆ 91 ಸಲ ಇದು ಸರಿ' ಎಂದಲ್ಲ. 'ನನ್ನ ಹತ್ತು ಆಯ್ಕೆಗಳಲ್ಲಿ ಇದೇ ಮುಂದಿದೆ' ಎಂದಷ್ಟೇ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಕೈಬರಹದ ಅಂಕಿಗೆ ಬಳಸುವ ಮಾದರಿಗಳಲ್ಲಿ ಬಹಳಷ್ಟು ಎಂನಿಸ್ಟ್ ಎಂಬ 70,000 ಚಿತ್ರಗಳ ಸಂಗ್ರಹದಿಂದ ಕಲಿತವು. ಆ ಬರಹ ಅಮೆರಿಕದ ಜನಗಣತಿ ನೌಕರರದ್ದು ಮತ್ತು ಅಲ್ಲಿನ ಹೈಸ್ಕೂಲು ಮಕ್ಕಳದ್ದು. ಬೇರೆ ಕಡೆ 1ರ ತಲೆಗೆ ಉದ್ದದ ಬಾಲ ಇಟ್ಟು ಬರೆಯುವವರಿದ್ದಾರೆ, 7ರ ನಡುವೆ ಗೀಟು ಎಳೆಯುವವರಿದ್ದಾರೆ. ಬಾಲವಿರುವ 1 ಈ ಮಾದರಿಗೆ 7ರ ಹಾಗೆ ಕಾಣುತ್ತದೆ. ಅದೂ ಅನುಮಾನವಿಲ್ಲದೆ, ಪೂರ್ತಿ ಧೈರ್ಯದಿಂದ. ನೀವು 80ರ ಗೆರೆ ಎಳೆದರೆ ಇಂಥ ತಪ್ಪುಗಳೆಲ್ಲ ಗೆರೆಯ ಮೇಲೆಯೇ ಆರಾಮಾಗಿ ಕೂತಿರುತ್ತವೆ.

ಅಂದಹಾಗೆ, ನೀವು ಬಳಸಿದ್ದು ಟೆಸರಾಕ್ಟ್ ಎಂಬ ಓಸಿಆರ್ ಪ್ರೋಗ್ರಾಮ್ ಆಗಿದ್ದರೆ ಅದು ಅಚ್ಚಿನ ಅಕ್ಷರಕ್ಕೆ ಮಾಡಿದ್ದು. ನಮೂನೆಯ ಸಂಖ್ಯೆ, ಕಾಲಂಗಳ ಹೆಸರು ಓದಲು ಚೆನ್ನಾಗಿದೆ. ಕೈಬರಹಕ್ಕೆ ಅದನ್ನು ನಂಬಬೇಡಿ.

ಹಾಗಾಗಿ 'ಗೊತ್ತಿಲ್ಲ' ಎನ್ನುವ ಉತ್ತರವನ್ನು ಯಂತ್ರ ತಾನಾಗಿ ಕೊಡಲ್ಲ. ಅದಕ್ಕೆ ಜಾಗವನ್ನು ನೀವೇ ಮಾಡಿಕೊಡಬೇಕು.

ಓದುವ ಮೊದಲು ಚಿತ್ರ ನೋಡಿ

ಕೆಲಸ ಶುರು ಮಾಡುವ ಮೊದಲು ಒಂದು ಪಿಡಿಎಫ್ ತೆಗೆದುಕೊಂಡು ಈ ಕಮಾಂಡ್ ಕೊಡಿ:

```
pdfimages -list batch01.pdf
```

ಇದು ಒಳಗಿರುವ ಚಿತ್ರಗಳ ಪಟ್ಟಿ ಕೊಡುತ್ತದೆ. `x-ppi` ಎನ್ನುವ ಅಂಕಣದಲ್ಲಿ 300ರ ಆಸುಪಾಸು ಇದ್ದರೆ ಒಳ್ಳೆಯದು. 150 ಇದ್ದರೆ ಕೈಬರಹಕ್ಕೆ ಕಷ್ಟ. ಆಮೇಲೆ `enc` ಅಂಕಣ ನೋಡಿ. ಅಲ್ಲಿ `jbig2` ಎಂದಿದ್ದರೆ ಸ್ವಲ್ಪ ಹುಷಾರಾಗಿರಿ. ಈ ವಿಧಾನದಲ್ಲಿ ಎರಡು ಬಗೆ ಇದೆ. ಒಂದು ಚಿತ್ರವನ್ನು ಇದ್ದ ಹಾಗೇ ಇಡುತ್ತದೆ. ಇನ್ನೊಂದು ಒಂದೇ ಥರ ಕಾಣುವ ಅಕ್ಷರಗಳನ್ನು ಹುಡುಕಿ, ಒಂದರ ಚಿತ್ರವನ್ನೇ ಎಲ್ಲ ಕಡೆ ಅಂಟಿಸಿ ಫೈಲನ್ನು ಚಿಕ್ಕದು ಮಾಡುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರಿಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಜೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರುಗಳಲ್ಲಿ ಇದರಿಂದಾದ ಎಡವಟ್ಟನ್ನು ತೋರಿಸಿದರು. ಕಟ್ಟಡದ ನಕ್ಷೆಯಲ್ಲಿದ್ದ ಅಳತೆಗಳೇ ಬದಲಾಗಿದ್ದವು. 6 ಇದ್ದಲ್ಲಿ 8 ಬಂದ ಉದಾಹರಣೆಗಳೂ ಸಿಕ್ಕವು. ಆ ಅಂಕಿಗಳು ಮಸುಕಾಗಿರಲಿಲ್ಲ, ಸ್ಪಷ್ಟವಾಗಿಯೇ ಇದ್ದವು. ಇಂಥ ತಪ್ಪು ಚಿತ್ರದಲ್ಲೇ ಕೂತಿರುವುದರಿಂದ ಮುಂದಿನ ಯಾವ ಹಂತದಲ್ಲೂ ಸಿಗುವುದಿಲ್ಲ. ಮೂಲ ಕಾಗದ ಸಿಗುವ ಹಾಗಿದ್ದರೆ ಒಂದು 20 ಹಾಳೆ ಎತ್ತಿಕೊಂಡು ಪಕ್ಕದಲ್ಲಿಟ್ಟು ನೋಡಿ.

ಅರ್ಧ ತಪ್ಪು ಕತ್ತರಿಸುವುದರಲ್ಲೇ ಆಗುತ್ತದೆ

ಜನ ಓದುವ ಪ್ರೋಗ್ರಾಮನ್ನು ಬೈಯುತ್ತಾರೆ. ನನ್ನ ಅನುಭವದಲ್ಲಿ ತಪ್ಪು ಜಾಸ್ತಿ ಆಗುವುದು ಅದಕ್ಕೂ ಮೊದಲು, ಒಂದೊಂದು ಅಂಕಿ ಬರೆಯಲು ನಮೂನೆಯಲ್ಲಿರುವ ಚೌಕವನ್ನು ಚಿತ್ರದಿಂದ ಕತ್ತರಿಸುವಾಗ. ಲೆಕ್ಕ ನೋಡಿ. ಎ4 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಅಗಲ 2,480 ಪಿಕ್ಸೆಲ್. 5 ಮಿಲಿಮೀಟರಿನ ಒಂದು ಚೌಕ ಸುಮಾರು 59 ಪಿಕ್ಸೆಲ್. ಹಾಳೆ ಬರೀ 1 ಡಿಗ್ರಿ ಸೊಟ್ಟಗೆ ಹೋಗಿದ್ದರೆ ಎಡ ತುದಿಯಿಂದ ಬಲ ತುದಿಗೆ ಹೋಗುವಷ್ಟರಲ್ಲಿ ಸಾಲು 43 ಪಿಕ್ಸೆಲ್ ಮೇಲೋ ಕೆಳಗೋ ಜಾರಿರುತ್ತದೆ. ಅಂದರೆ ಮುಕ್ಕಾಲು ಚೌಕ! ಆಗ ನೀವು ಕತ್ತರಿಸಿದ ತುಂಡಿನಲ್ಲಿ ಅಂಕಿಯ ತಲೆ ಮಾತ್ರ ಇರುತ್ತದೆ, ಇಲ್ಲವೇ ಕೆಳಗಿನ ಸಾಲಿನ ಅಂಕಿ ಬಂದು ಕೂತಿರುತ್ತದೆ.

ಇದಕ್ಕೆ ಖಾಲಿ ನಮೂನೆಯ ಒಂದು ಶುದ್ಧ ಚಿತ್ರ ಇಟ್ಟುಕೊಳ್ಳಿ. ಪ್ರತಿ ಸ್ಕ್ಯಾನನ್ನೂ ಅದಕ್ಕೆ ಹೊಂದಿಸಿ, ತಿರುಗಿಸಿ, ಎಳೆದು, ಆಮೇಲೆ ಕತ್ತರಿಸಿ. ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ಲೈಬ್ರರಿಯಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ. ಹೊಂದಿಸಿದ ಮೇಲೆ ಒಂದು ಪರೀಕ್ಷೆ ಇರಲಿ. ನಮೂನೆಯ ನಾಲ್ಕು ಮೂಲೆಯಲ್ಲಿ ಅಚ್ಚಾದ ನಾಲ್ಕು ಪದಗಳು ಇರಬೇಕಾದ ಜಾಗದಲ್ಲೇ ಇವೆಯಾ? ಇಲ್ಲದಿದ್ದರೆ ಆ ಪುಟದಿಂದ ಒಂದು ಕಾಲಮ್ಮನ್ನೂ ಓದಬೇಡಿ. ಇಡೀ ಪುಟಕ್ಕೆ ಗುರುತು ಹಾಕಿ ಪಕ್ಕಕ್ಕಿಡಿ.

ನಮೂನೆಯ ಆವೃತ್ತಿಯನ್ನೂ ನೋಡಿಕೊಳ್ಳಿ. ಸರ್ಕಾರಿ ನಮೂನೆಗಳು ಆಗಾಗ ಬದಲಾಗುತ್ತವೆ, ಹಳೆಯ ದಾಸ್ತಾನು ಮುಗಿಯುವವರೆಗೆ ಎರಡೂ ಓಡುತ್ತವೆ. ನಡುವೆ ಒಂದು ಕಾಲಂ ಸೇರಿದ್ದರೆ ಕೆಳಗಿನದ್ದೆಲ್ಲ ಒಂದು ಸಾಲು ಜಾರುತ್ತದೆ. ಅಚ್ಚಿನ ನಮೂನೆ ಸಂಖ್ಯೆಯನ್ನು ಮೊದಲು ಓದಿ, ಅದನ್ನೂ ಜೇಸನ್‌ಗೆ ಹಾಕಿ.

ಖಾಲಿ ಬೇರೆ, ಓದಲಾಗದ್ದು ಬೇರೆ

ನಿಮ್ಮ `null` ಗೊಂದಲ ಇರುವುದು ಇಲ್ಲಿ. ಅರ್ಜಿದಾರ ಏನೂ ಬರೆದಿಲ್ಲ ಎನ್ನುವುದು ಅರ್ಜಿದಾರನ ಬಗ್ಗೆ ಒಂದು ಸಂಗತಿ. ಬರೆದಿದ್ದಾನೆ ಆದರೆ ನಮಗೆ ಓದಲಾಗಲಿಲ್ಲ ಎನ್ನುವುದು ನಮ್ಮ ಬಗ್ಗೆ ಒಂದು ಸಂಗತಿ. ಎರಡಕ್ಕೂ ಒಂದೇ `null` ಹಾಕಿದರೆ, ಅರ್ಜಿ ತುಂಬಿದವನನ್ನು 'ಮಾಹಿತಿ ಕೊಟ್ಟಿಲ್ಲ' ಎಂದು ತಿರಸ್ಕರಿಸುವ ದಿನ ಬರುತ್ತದೆ.

ಖಾಲಿಯನ್ನು ತೀರ್ಮಾನಿಸುವುದು ಓದುವ ಪ್ರೋಗ್ರಾಮಿನ ಕೆಲಸ ಅಲ್ಲ. ಅದಕ್ಕೆ ಕೊಡುವ ಮೊದಲೇ ಮಸಿ ಎಣಿಸಿ. ಚೌಕದ ಗೀಟು ಸೇರದ ಹಾಗೆ ಸುತ್ತಲೂ 6 ಪಿಕ್ಸೆಲ್ ಬಿಡಿ. ಒಳಗೆ ಸುಮಾರು 47 ಗುಣಿಸು 47, ಅಂದರೆ 2,209 ಪಿಕ್ಸೆಲ್ ಉಳಿಯುತ್ತದೆ. ಅದರಲ್ಲಿ ಕಪ್ಪು ಎಷ್ಟು? ನೂರಕ್ಕೆ ಒಂದಕ್ಕಿಂತ ಕಡಿಮೆ, ಅಂದರೆ ಸುಮಾರು 22 ಪಿಕ್ಸೆಲ್ ಒಳಗಿದ್ದರೆ ಖಾಲಿ ಎಂದು ಶುರು ಮಾಡಬಹುದು. ಈ ಗೆರೆಯನ್ನು ನಿಮ್ಮ ನಮೂನೆಗೆ ತಕ್ಕಂತೆ ಸರಿಪಡಿಸಿಕೊಳ್ಳಿ. ತೆಳು ಕಾಗದದಲ್ಲಿ ಹಿಂದಿನ ಪುಟದ ಮಸಿ ಮುಂದಕ್ಕೆ ಕಾಣುತ್ತದೆ, ಪೆನ್ಸಿಲ್ಲಿನ ಬರಹ ಅದಕ್ಕಿಂತಲೂ ತಿಳಿಯಾಗಿರುತ್ತದೆ. ಖಾಲಿಯೋ ಅಲ್ಲವೋ ಎಂಬ ನಡುವಿನ ಪಟ್ಟಿಯಲ್ಲಿ ಬಿದ್ದದ್ದನ್ನು ಖಾಲಿ ಅನ್ನಬೇಡಿ. ಅದು ಓದಲಾಗದ್ದಕ್ಕೆ ಹೋಗಲಿ.

ನಾನು ಬಳಸುವ ಸ್ಥಿತಿಗಳು ಐದು. ಓದಿದ್ದು, ಖಾಲಿ, ಓದಲಾಗದ್ದು, ಹೊಡೆದುಹಾಕಿದ್ದು, ಮತ್ತು ಅಸಾಧ್ಯ. ಕೊನೆಯದಕ್ಕೆ ಒಂದು ಮಾತು. ಒಬ್ಬರು ಸ್ಪಷ್ಟವಾಗಿ ಫೆಬ್ರುವರಿ 31 ಎಂದು ಬರೆದಿರುತ್ತಾರೆ. ಅದು ನಮ್ಮ ಓದಿನ ತಪ್ಪಲ್ಲ. ಕಾಗದದಲ್ಲಿ ಅದೇ ಇದೆ. ಬರೆದದ್ದನ್ನು ಹಾಗೇ ಇಟ್ಟು `invalid` ಎನ್ನಿ. ಅದನ್ನು ತಿದ್ದುವ ಹಕ್ಕು ನಮ್ಮದಲ್ಲ.

ಒಂದು ಹುಟ್ಟಿದ ದಿನಾಂಕದ ಕಥೆ

ಈಗ ಒಂದು ಕಾಲಮ್ಮನ್ನು ಪೂರ್ತಿ ನೋಡೋಣ. ಹುಟ್ಟಿದ ದಿನಾಂಕಕ್ಕೆ ಎಂಟು ಚೌಕ. ಎರಡನೇ ಚೌಕದ ಮೇಲೆ ದುಂಡು ಸೀಲಿನ ಅಂಚು ಬಿದ್ದಿದೆ. ಮಿಕ್ಕ ಏಳು ಚೆನ್ನಾಗಿ ಕಾಣುತ್ತವೆ: 1, ಆಮೇಲೆ ಸೀಲು, ಆಮೇಲೆ 0, 8, 1, 9, 7, 4. ಪ್ರೋಗ್ರಾಮ್ ಎರಡನೆಯದನ್ನು 6 ಎಂದಿತು, ಕಾನ್ಫಿಡೆನ್ಸ್ 91.

ಮೊದಲ ಸಹಜ ಆಲೋಚನೆ: ದಿನಾಂಕ ಸರಿಯಾಗಿದೆಯಾ ಎಂದು ಪರೀಕ್ಷಿಸೋಣ. ಆಗಸ್ಟ್ 16, 1974 ಸರಿಯಾದ ದಿನಾಂಕವೇ. ಆದರೆ ಆ ಚೌಕದಲ್ಲಿ 0ಯಿಂದ 9ರವರೆಗೆ ಯಾವುದನ್ನು ಇಟ್ಟರೂ ಸರಿಯಾದ ದಿನಾಂಕವೇ ಬರುತ್ತದೆ, 10ರಿಂದ 19ರವರೆಗೆ. ಹಾಗಾಗಿ ಈ ಪರೀಕ್ಷೆ ಪಾಸಾಯಿತು ಎನ್ನುವುದರಿಂದ ನಮಗೆ ಏನೂ ತಿಳಿಯಲಿಲ್ಲ.

ಎರಡನೆಯದು: ಬೇರೆ ಕಾಲಂ ಜೊತೆ ತಾಳೆ. ಅರ್ಜಿಯಲ್ಲಿ ವಯಸ್ಸು 49 ಎಂದಿದೆ, ಸಹಿಯ ಕೆಳಗೆ ತಾರೀಖು 2024ರ ಮಾರ್ಚ್ 12. ಆಗಸ್ಟ್ 1974ರಲ್ಲಿ ಹುಟ್ಟಿದವರಿಗೆ ಆ ದಿನ 49 ನಡೆಯುತ್ತಿರುತ್ತದೆ. ತಾಳೆಯಾಯಿತು. ಆದರೆ ಇದು ವರ್ಷಕ್ಕೆ ಸಾಕ್ಷಿ, ದಿನಕ್ಕೆ ಅಲ್ಲ. ಆ 6ರ ಬಗ್ಗೆ ಇದೂ ಏನೂ ಹೇಳುವುದಿಲ್ಲ. ಇಂಥ ಪರೀಕ್ಷೆಗಳು ಪಾಸಾದಾಗ ಮನಸ್ಸಿಗೆ ಸಮಾಧಾನ ಆಗುತ್ತೆ, ಅಪಾಯ ಇರುವುದೂ ಅಲ್ಲೇ. ಯಾವ ಪರೀಕ್ಷೆ ಯಾವ ಅಂಕಿಯನ್ನು ಕಾಯುತ್ತದೆ ಎಂದು ಒಂದೊಂದಕ್ಕೂ ಕೇಳಿಕೊಳ್ಳಿ.

ಮೂರನೆಯದು ನಿಜವಾಗಿ ಕೆಲಸಕ್ಕೆ ಬಂತು. ಅದೇ ತುಂಡನ್ನು ಎರಡು ಸಲ ಓದಿಸಿದೆ. ಎರಡನೇ ಸಲ ಎರಡು ಪಿಕ್ಸೆಲ್ ಸರಿಸಿ, ಕಪ್ಪು ಬಿಳುಪಿನ ಗೆರೆಯನ್ನು ಸ್ವಲ್ಪ ಬದಲಿಸಿ ಕೊಟ್ಟೆ. ಮೊದಲ ಸಲ 6, ಎರಡನೇ ಸಲ 0. ನಿಜವಾದ ಅಂಕಿ ಇಷ್ಟು ಸಣ್ಣ ಸರಿದಾಟಕ್ಕೆ ಸಾಮಾನ್ಯವಾಗಿ ಬದಲಾಗುವುದಿಲ್ಲ. ಕಲೆ ಬದಲಾಗುತ್ತದೆ. ಎರಡು ಓದು ಒಪ್ಪದಿದ್ದರೆ ಕಾನ್ಫಿಡೆನ್ಸ್ ಎಷ್ಟೇ ಇರಲಿ, ಗುರುತು ಹಾಕಿ. ಕೊನೆಗೆ ಬರೆದದ್ದು ಹೀಗೆ:

```json
{
  "field": "dob",
  "status": "unreadable",
  "value": null,
  "raw": "1?081974",
  "reason": "stamp_overlap",
  "page": 1,
  "box": [412, 980, 472, 59],
  "crop": "0417_dob.png"
}
```

`value` ಖಾಲಿ ಇದೆ, ಆದರೆ ಯಾಕೆ ಖಾಲಿ ಎನ್ನುವುದು ಪಕ್ಕದಲ್ಲೇ ಇದೆ. ಓದಿದ ಏಳು ಅಂಕಿ `raw`ನಲ್ಲಿ ಉಳಿದವು. ಪ್ರಶ್ನೆ ಚಿಹ್ನೆಯನ್ನು `value` ಒಳಗೆ ಹಾಕಬೇಡಿ. ಮುಂದೆ ಯಾರೋ ಅದನ್ನು ತೆಗೆದುಹಾಕಿ ಏಳು ಅಂಕಿಯ ದಿನಾಂಕ ಮಾಡಿಬಿಡುತ್ತಾರೆ. `box` ಮತ್ತು `crop` ಇರುವುದರಿಂದ ಮತ್ತೆ ನೋಡುವವರು ಇಡೀ ಪಿಡಿಎಫ್ ತೆರೆಯಬೇಕಿಲ್ಲ. ಸ್ಥಿತಿ `ok` ಆಗಿದ್ದರೆ ಮೌಲ್ಯ ಇರಲೇಬೇಕು, `unreadable` ಅಥವಾ `blank` ಆಗಿದ್ದರೆ ಇರಲೇಕೂಡದು ಎಂಬ ನಿಯಮವನ್ನು ಜೇಸನ್ ಹೇಗಿರಬೇಕು ಎಂದು ಹೇಳುವ ಸ್ಕೀಮಾದಲ್ಲೇ ಬರೆದುಬಿಡಿ. ಇನ್ನೊಂದು ಸಣ್ಣ ವಿಷಯ: ಅಂಕಿಗಳೇ ಇದ್ದರೂ ಎಲ್ಲ ಮೌಲ್ಯಗಳನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಜೇಸನ್‌ನಲ್ಲಿ ಸಂಖ್ಯೆ ಸೊನ್ನೆಯಿಂದ ಶುರುವಾಗಿ ಮುಂದೆ ಬೇರೆ ಅಂಕಿ ಬರುವ ಹಾಗಿಲ್ಲ. 0417 ಅನ್ನು ಸಂಖ್ಯೆಯಾಗಿ ಇಟ್ಟರೆ ಸುಮ್ನೆ 417 ಆಗಿಬಿಡುತ್ತದೆ, ಇಲ್ಲವೇ ಫೈಲ್ ಓದುವಾಗಲೇ ದೋಷ ಬರುತ್ತದೆ.

ಚೆಕ್ ಡಿಜಿಟ್ ಎಂಬ ಸಿಹಿ ಬಲೆ

ಗುರುತಿನ ಸಂಖ್ಯೆಗಳಲ್ಲಿ ಕೊನೆಯ ಅಂಕಿ ಹಲವು ಸಲ ಚೆಕ್ ಡಿಜಿಟ್ ಆಗಿರುತ್ತದೆ, ಅಂದರೆ ತಪ್ಪು ಹಿಡಿಯಲೆಂದು ಮಿಕ್ಕ ಅಂಕಿಗಳಿಂದ ಲೆಕ್ಕ ಹಾಕಿ ಸೇರಿಸಿದ್ದು. ಲೂನ್ ವಿಧಾನ, ವೆರ್‌ಹೂಫ್ ವಿಧಾನ, ಎರಡೂ ಒಂದೇ ಅಂಕಿ ತಪ್ಪಾದರೆ ಹಿಡಿದೇ ಹಿಡಿಯುತ್ತವೆ. ಪೂರ್ತಿ ಓದಿದ ಸಂಖ್ಯೆಯನ್ನು ಪರೀಕ್ಷಿಸಲು ಇವು ತುಂಬಾ ಒಳ್ಳೆಯವು, ಖಂಡಿತ ಬಳಸಿ.

ಆದರೆ ಕೆಲವರು ಇದನ್ನು ತಿರುಗಿಸಿ ಬಳಸುತ್ತಾರೆ. ಒಂದು ಅಂಕಿ ಕಾಣುತ್ತಿಲ್ಲ, 0ಯಿಂದ 9ರವರೆಗೆ ಇಟ್ಟು ನೋಡೋಣ, ಯಾವುದು ಹೊಂದುತ್ತದೋ ಅದೇ ಸರಿ ಅಲ್ವಾ ಅಂತ. ಇಲ್ಲಿ ಗಮನಿಸಬೇಕಾದ್ದು, ಈ ವಿಧಾನಗಳಲ್ಲಿ ಯಾವಾಗಲೂ ಒಂದು ಅಂಕಿ ಹೊಂದಿಯೇ ಹೊಂದುತ್ತದೆ. ಉಳಿದ ಅಂಕಿಗಳಲ್ಲಿ ಒಂದನ್ನು ನೀವು ತಪ್ಪಾಗಿ ಓದಿದ್ದರೂ, ಆ ತಪ್ಪಿಗೆ ಸರಿದೂಗುವ ಇನ್ನೊಂದು ತಪ್ಪು ಅಂಕಿ ಸಿಕ್ಕೇ ಸಿಗುತ್ತದೆ. ಪರೀಕ್ಷೆಯನ್ನು ಉತ್ತರ ಹುಡುಕಲು ಖರ್ಚು ಮಾಡಿದ ಮೇಲೆ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ. ಹೀಗೆ ಲೆಕ್ಕ ಹಾಕಿ ತುಂಬಿಸಿದ ಅಂಕಿ ಬೇಕೇ ಬೇಕು ಎಂದಾದರೆ `suggested` ಎಂಬ ಬೇರೆ ಹೆಸರಿನಲ್ಲಿ ಇಡಿ. ಸ್ಥಿತಿ ಮಾತ್ರ ಓದಲಾಗದ್ದೇ ಇರಲಿ.

ಗೆರೆ ಎಲ್ಲಿ ಎಳೆಯಬೇಕು?

80 ಎನ್ನುವುದು ಯಾರೋ ಹೇಳಿದ ಸಂಖ್ಯೆ. ನಿಮ್ಮ ಗೆರೆಯನ್ನು ನಿಮ್ಮ ಕಾಗದಗಳೇ ಹೇಳಬೇಕು. ರಾಶಿಯಿಂದ ಅಲ್ಲೊಂದು ಇಲ್ಲೊಂದು ಅಂತ 300 ಅರ್ಜಿ ತೆಗೆಯಿರಿ. ಮೇಲಿನ 300 ಬೇಡ, ಅವೆಲ್ಲ ಒಂದೇ ದಿನ ಒಂದೇ ಸ್ಕ್ಯಾನರಿನಲ್ಲಿ ಬಂದಿರುತ್ತವೆ. ಇಬ್ಬರು ಬೇರೆ ಬೇರೆಯಾಗಿ ಕೂತು ಟೈಪ್ ಮಾಡಲಿ. ಇಬ್ಬರೂ ಒಪ್ಪಿದ್ದನ್ನು ಸರಿ ಎಂದಿಟ್ಟುಕೊಂಡು, ಪ್ರೋಗ್ರಾಮ್ `ok` ಎಂದದ್ದರಲ್ಲಿ ಎಷ್ಟು ತಪ್ಪು ಎಂದು ಎಣಿಸಿ. ಇದನ್ನು ಕಾಲಂ ಪ್ರಕಾರ ಮಾಡಿ. ಪಿನ್ ಕೋಡಿಗೆ ಸಾಕಾದ ಗೆರೆ ಬ್ಯಾಂಕ್ ಖಾತೆ ಸಂಖ್ಯೆಗೆ ಸಾಕಾಗುವುದಿಲ್ಲ.

ಒಂದು ಕಾಲಮ್ಮಿನಲ್ಲಿ 300ಕ್ಕೆ 300 ಸರಿ ಬಂದರೂ ತಪ್ಪೇ ಇಲ್ಲ ಎಂದುಕೊಳ್ಳಬೇಡಿ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಒಂದು ಸುಲಭ ಲೆಕ್ಕವಿದೆ. ಮೂರನ್ನು 300ರಿಂದ ಭಾಗಿಸಿ, ನೂರಕ್ಕೆ ಒಂದು ಬರುತ್ತದೆ. ತಪ್ಪು ನೂರಕ್ಕೆ ಒಂದಕ್ಕಿಂತ ಹೆಚ್ಚಿರಲಾರದು ಎಂದು 95 ಪಾಲು ಭರವಸೆಯಿಂದ ಹೇಳಬಹುದು, ಅಷ್ಟೇ. ನಿಮ್ಮ 3,000 ಅರ್ಜಿಯಲ್ಲಿ ಅಂದರೆ 30ರವರೆಗೆ ತಪ್ಪು ಅಡಗಿರಬಹುದು.

ನಿಮ್ಮಲ್ಲಿ ಯಾರಿಗಾದರೂ ಮಾದರಿಯನ್ನು ಮತ್ತೆ ಕಲಿಸಲು ಬಂದರೆ, ಹನ್ನೊಂದನೆಯ ಬಾಗಿಲು ಸೇರಿಸಿ. ಸೀಲು, ಗೀಚು, ಮಡಿಕೆ, ಖಾಲಿ ಚೌಕಗಳ ತುಂಡುಗಳನ್ನು ನಿಮ್ಮ ರಾಶಿಯಿಂದಲೇ ಕತ್ತರಿಸಿ 'ಅಂಕಿ ಅಲ್ಲ' ಎಂದು ಕಲಿಸಿ. ನೀವು ಕಲಿಸಿದಂಥ ಕಲೆಗಳನ್ನು ಹಿಡಿಯುತ್ತದೆ, ಹೊಸ ಬಗೆಯದನ್ನು ಬಿಟ್ಟುಬಿಡಬಹುದು.

ಗುರುತು ಹಾಕಿದ್ದನ್ನು ಯಾರು ನೋಡುತ್ತಾರೆ?

22 ಕಾಲಂ, 3,000 ಅರ್ಜಿ, ಒಟ್ಟು 66,000 ನಮೂದು. ಹತ್ತಕ್ಕೆ ಒಂದು ಗುರುತು ಬಿದ್ದರೂ 6,600. ಒಂದಕ್ಕೆ 6 ಸೆಕೆಂಡ್ ಎಂದರೆ 11 ಗಂಟೆಯ ಕೆಲಸ. ಎಲ್ಲವನ್ನೂ ಇಬ್ಬರು ಟೈಪ್ ಮಾಡಿದರೆ ಅದೇ ಲೆಕ್ಕದಲ್ಲಿ 220 ಗಂಟೆ. ಹಾಗಾಗಿ ಗುರುತು ಜಾಸ್ತಿ ಬಿತ್ತು ಎಂದು ಹೆದರಿ ಗೆರೆ ಇಳಿಸಬೇಡಿ. ಜನರ ಹೆಸರು, ವಿಳಾಸದಂಥ ಉದ್ದನೆಯ ಕೈಬರಹ ಇದ್ದರೆ ನಾನಂತೂ ಆ ಕಾಲಂಗಳನ್ನು ಯಂತ್ರಕ್ಕೆ ಕೊಡದೆ ನೇರ ಮನುಷ್ಯರಿಗೇ ಕೊಡುತ್ತೇನೆ.

ನೋಡುವವರಿಗೆ ತುಂಡಿನ ಚಿತ್ರ ಮಾತ್ರ ತೋರಿಸಿ, ಯಂತ್ರದ ಊಹೆ ತೋರಿಸಬೇಡಿ. 6 ಎಂದು ಪಕ್ಕದಲ್ಲಿ ಬರೆದಿದ್ದರೆ ಕಣ್ಣಿಗೆ 6 ಕಾಣಲು ಶುರುವಾಗುತ್ತದೆ. ಅವರ ಪರದೆಯಲ್ಲೂ 'ಓದಲಾಗಲಿಲ್ಲ' ಎಂಬ ಬಟನ್ ಇರಲೇಬೇಕು. ಹಿಂದೆ ನಾನು ಒಂದು ಕಚೇರಿಯ ಡೇಟಾ ನೋಡಿದ್ದೆ. ಅಲ್ಲಿನ ಸಾಫ್ಟ್‌ವೇರ್ ದಿನಾಂಕ ಹಾಕದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಟೈಪ್ ಮಾಡುವವರು ಪಾಪ ಏನು ಮಾಡಬೇಕು? ಓದಲಾಗದ ಕಡೆಯೆಲ್ಲ ಜನವರಿ 1 ಹಾಕಿದ್ದರು. ಒಂದೇ ದಿನ ಹುಟ್ಟಿದ ಅಷ್ಟು ಜನರಲ್ಲಿ ನಿಜವಾಗಿ ಅಂದು ಹುಟ್ಟಿದವರು ಯಾರು ಎಂದು ಬೇರ್ಪಡಿಸಲು ಕೊನೆಗೂ ಆಗಲಿಲ್ಲ.

ನಿಮ್ಮ ಫಲಿತಾಂಶವನ್ನೂ ಹೀಗೇ ಒಮ್ಮೆ ಎಣಿಸಿ ನೋಡಿ. ಒಂದೇ ಮೌಲ್ಯ ಅತಿಯಾಗಿ ಬಂದಿದೆಯಾ? ಗುರುತುಗಳು ಎಲ್ಲಿ ಗುಂಪಾಗಿವೆ? ಒಂದೇ ಅರ್ಜಿಯ ಎಲ್ಲ ಕಾಲಂಗಳಿಗೂ ಗುರುತು ಬಿದ್ದಿದ್ದರೆ ಆ ಹಾಳೆ ಸೊಟ್ಟಗಿದೆ. ಎಲ್ಲ ಅರ್ಜಿಯ ಒಂದೇ ಕಾಲಮ್ಮಿಗೆ ಬಿದ್ದಿದ್ದರೆ ನೀವು ಕೊಟ್ಟ ಚೌಕದ ಅಳತೆ ತಪ್ಪು. ಒಂದು ಕಂತಿನ ಅರ್ಜಿಗಳಲ್ಲಿ ಮಾತ್ರ, ಅದೂ ಮೇಲಿಂದ ಕೆಳಗೆ ಒಂದೇ ನೇರದಲ್ಲಿದ್ದರೆ ಸ್ಕ್ಯಾನರಿನ ಗಾಜಿನ ಮೇಲೆ ದೂಳಿನ ಕಣ ಕೂತಿತ್ತು ಎಂದರ್ಥ. ಆ ಕಂತನ್ನು ಗಾಜು ಒರೆಸಿ, 300 ಡಿಪಿಐನಲ್ಲಿ, ಕಪ್ಪು ಬಿಳುಪಿನ ಬದಲು ಬೂದು ಛಾಯೆಯಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿ. ಕತ್ತರಿಸಿದ ತುಂಡುಗಳಲ್ಲೂ ಜನರ ಖಾಸಗಿ ವಿವರ ಇರುವುದರಿಂದ, ಕೆಲಸ ನಡೆಯುವಾಗ ಅವುಗಳನ್ನು ಮೂಲ ಅರ್ಜಿಯಷ್ಟೇ ಭದ್ರವಾಗಿಡಿ.

ಈಗ ನಿಮ್ಮ ಹತ್ತಿರ ಇರುವ ಜೇಸನ್‌ನ `null`ಗಳನ್ನು ತಿದ್ದಲು ಹೋಗಬೇಡಿ. ಅದರಲ್ಲಿ ಖಾಲಿ ಯಾವುದು, ಓದಲಾಗದ್ದು ಯಾವುದು ಎಂಬ ಮಾಹಿತಿಯೇ ಉಳಿದಿಲ್ಲ. ಚಿತ್ರಗಳಿಂದ ಮತ್ತೆ ಶುರು ಮಾಡಿ, ಮಸಿ ಎಣಿಸುವುದರಿಂದ.